ಜರ್ಮನಿಯ ಟೀಮಿಗೆ ‘ಮಲ್ಲಿಕಾರ್ಜುನ’ ಹೇಳಿಕೊಡುವುದು ಹೇಗೆ? ಚೀಟಿ ಬರೆದಿದ್ದೇನೆ, ತಿದ್ದಿಕೊಡಿ

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್ ಹತ್ತಿರ ಒಂದು ಕಂಪನಿಗೆ ಈಗಷ್ಟೇ ಸೇರಿದ್ದೇನೆ. ಇಲ್ಲಿ ಹೊಸಬರು ತಮ್ಮ ಬಗ್ಗೆ ಒಂದು ಪುಟ ಬರೆದು ಟೀಮಿಗೆ ಹಾಕಬೇಕು. ನನ್ನ ಪುಟದಲ್ಲಿ ಊರು, ಓದು, ಕೆಲಸಕ್ಕಿಂತ ಮೊದಲು ಹೆಸರಿನ ಬಗ್ಗೆಯೇ ಬರೆಯಬೇಕಾಗಿದೆ, ಯಾಕೆಂದರೆ ಯಾರೂ ನನ್ನನ್ನು ಕರೆಯುತ್ತಲೇ ಇಲ್ಲ! ಮೀಟಿಂಗಿನಲ್ಲಿ ನನ್ನ ಸರದಿ ಬಂದಾಗ ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಕೈ ತೋರಿಸುತ್ತಾರೆ.

ಪಾಸ್‌ಪೋರ್ಟಿನಲ್ಲಿ ಇರುವುದು ಹೊಳೆನರಸೀಪುರ ಶಿವನಂಜಪ್ಪ ಮಲ್ಲಿಕಾರ್ಜುನ. (ಅಪ್ಪನ ಹೆಸರು ಇಲ್ಲಿ ಬದಲಿಸಿದ್ದೇನೆ, ಉದ್ದ ಅಷ್ಟೇ ಇದೆ.) ಊರಲ್ಲಿ ಎಲ್ಲರಿಗೂ ನಾನು ಎಚ್.ಎಸ್. ಮಲ್ಲಿಕಾರ್ಜುನ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಎರಡನ್ನೂ ಸರ್‌ನೇಮ್ ಜಾಗಕ್ಕೆ ಹಾಕಿದ್ದಾಯಿತು. ಈಗ ಕಂಪನಿಯ ಸಿಸ್ಟಮ್‌ನಲ್ಲಿ ನನ್ನ ಹೆಸರು ಹೀಗೆ ಕಾಣುತ್ತದೆ:

```
Mallikarj Holenarasipura Shivananjappa
```

ಆ Mallikarj ಎಲ್ಲಿಂದ ಬಂತೋ ಗೊತ್ತಿಲ್ಲ. ಅದನ್ನು ಅವರು ‘ಮಲಿಕಾರ್ಯ್’ ಅಂತ ಓದುತ್ತಾರೆ. ಮಿಕ್ಕವರು ‘ಹೋಲೆ...’ ಅಂತ ಶುರು ಮಾಡಿ ಅಲ್ಲೇ ಬಿಡುತ್ತಾರೆ. ಇನ್ನೊಂದು ತಮಾಷೆ. ಕ್ಯಾಂಟೀನ್ ಕಾರ್ಡಿನ ಮೇಲೆ ‘ಫ್ರೌ’ ಅಂತ ಅಚ್ಚಾಗಿ ಬಂದಿದೆ, ಅಂದರೆ ಶ್ರೀಮತಿ. ‘ಮಲ್ಲಿಕಾ’ ಹೆಣ್ಣಿನ ಹೆಸರು ಅಂದುಕೊಂಡಿದ್ದಾರೆ.

ನಾನು ಬರೆದ ಚೀಟಿಯ ಸಾರ ಇಷ್ಟು: ‘ನನ್ನ ಹೆಸರು ಮಲ್ಲಿಕಾರ್ಜುನ. ಅದು ಶಿವನ ಹೆಸರು. ಹೊಳೆನರಸೀಪುರ ನನ್ನ ಊರು, ಹಾಸನ ಜಿಲ್ಲೆಯಲ್ಲಿ ಹೇಮಾವತಿ ನದಿಯ ದಡದಲ್ಲಿದೆ. ಶಿವನಂಜಪ್ಪ ನನ್ನ ತಂದೆಯ ಹೆಸರು. ನನ್ನನ್ನು ಮಲ್ಲಿ-ಕಾರ್-ಜುನ ಎಂದು ಕರೆಯಿರಿ.’

ಎರಡು ಪ್ರಶ್ನೆ. ಉಚ್ಚಾರಣೆಯನ್ನು ಅವರಿಗೆ ಬರವಣಿಗೆಯಲ್ಲಿ ಹೇಗೆ ತೋರಿಸಲಿ? ಅರ್ಥ ಇಷ್ಟು ಸಾಕಾ? ಮೊಟಕು ಮಾಡಿಕೊಳ್ಳುವುದಕ್ಕೆ ಮನಸ್ಸಿಲ್ಲ.

ಸುಮ್ನೆ_ಓದುಗ

ಅರ್ಜುನ್ ಅಂದುಬಿಡಿ. ಮುಗೀತು.

ಕಾಫಿತೋಟ

‘ಮೊಟಕು ಮಾಡಿಕೊಳ್ಳುವುದಕ್ಕೆ ಮನಸ್ಸಿಲ್ಲ’ ಅಂತ ಕೊನೇ ಸಾಲಲ್ಲೇ ಬರೆದಿದ್ದಾರಲ್ಲ ಮಾರಾಯ್ರೆ, ಅಷ್ಟನ್ನೂ ಓದದೆ ಉತ್ತರ ಕೊಡುತ್ತೀರಿ.

ವಕೀಲರ_ಓಣಿ

ಹೆಸರು ಬದಲಾವಣೆಗೆ ಮೊದಲು ಅಫಿಡವಿಟ್ ಮಾಡಿಸಿ, ಎರಡು ಪತ್ರಿಕೆಯಲ್ಲಿ ಜಾಹೀರಾತು ಕೊಡಿ, ಆಮೇಲೆ ಗೆಜೆಟ್. ವಿದೇಶದಲ್ಲಿದ್ದರೆ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಪಾಸ್‌ಪೋರ್ಟ್ ರೀ-ಇಷ್ಯೂ ಮಾಡಿಸುವಾಗ ಹಳೆಯ ಅಂಕಪಟ್ಟಿಗಳಲ್ಲಿ ಹೆಸರು ಹೊಂದದಿದ್ದರೆ ತೊಂದರೆ.

ಹೇಮಾವತಿ_ದಂಡೆ

ಸರ್, ಹೆಸರು ಬದಲಿಸುತ್ತಿಲ್ಲ. ಇರುವ ಹೆಸರನ್ನು ಬಾಯಿಗೆ ಬರುವ ಹಾಗೆ ಹೇಳಿಕೊಡಬೇಕು, ಅಷ್ಟೇ.

ಮತ್ತಿಮರ

ನಾನು ಭಾಷಾಶಾಸ್ತ್ರ ಓದಿದವನು, ಕೆಲವು ಕಾಲ ಜರ್ಮನ್ ಕಲಿಸಿಯೂ ಇದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಲ್ಲಿ-ಕಾರ್-ಜುನ ಅಂತ ಗೆರೆ ಎಳೆದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಿಮ್ಮ ತೊಂದರೆ ಹೋಗುವುದಿಲ್ಲ. ಓದುವವರು ಇಂಗ್ಲಿಷಿನವರಲ್ಲ, ಜರ್ಮನರು. ಅಕ್ಷರ ಒಂದೇ ಆದರೂ ಅವರ ಬಾಯಲ್ಲಿ ಬೇರೆ ಸದ್ದು ಬರುತ್ತದೆ. j ಕಂಡರೆ ಅವರಿಗೆ ‘ಯ’. ಅದಕ್ಕೇ ನೀವು ‘ಮಲಿಕಾರ್ಯ್’ ಆಗಿರುವುದು. ಪೂರ್ತಿ ಬರೆದಿದ್ದರೆ ‘ಮಲಿಕಾರ್ಯೂನ’ ಆಗುತ್ತಿದ್ದಿರಿ. ‘ಜ’ ಬರಬೇಕಾದರೆ ಅವರಿಗೆ dsch ಬರೆಯಬೇಕು. ನೋಡುವುದಕ್ಕೆ ವಿಚಿತ್ರ, ಆದರೆ ಅವರು ಚಿಕ್ಕಂದಿನಿಂದ ಓದಿದ್ದು ಹಾಗೆಯೇ.

ನಿಮ್ಮ ಅದೃಷ್ಟಕ್ಕೆ ನಿಮ್ಮ ‘ಜು’ ಅವರ ಒಂದು ದಿನಬಳಕೆಯ ಮಾತಿನಲ್ಲಿ ಹಾಗೇ ಕೂತಿದೆ. ದಟ್ಟ ಕಾಡಿಗೆ ಅವರು Dschungel ಅನ್ನುತ್ತಾರೆ, ನಮ್ಮ ‘ಜಂಗಲ್’ ಅಲ್ಲಿಗೆ ಹೋಗಿ ಆದದ್ದು. ಅದರ ಮೊದಲ ತುಂಡೇ ‘ಜು’, ಉಕಾರವೂ ಹ್ರಸ್ವ. ಹಾಗಾಗಿ ಹೀಗೆ ಬರೆಯಿರಿ:

```
mal-li-KAAR-dschu-na   (dschu wie in Dschungel)
```

ಇನ್ನು ಎರಡು ಕಡೆ ಎಡವುತ್ತಾರೆ. ಒಂದು, ರ್. ಜರ್ಮನ್‌ನಲ್ಲಿ ಸ್ವರ ಆದಮೇಲೆ ವ್ಯಂಜನದ ಮುಂದೆ ಬಂದ r ಬಹುಮಟ್ಟಿಗೆ ಕರಗಿಹೋಗುತ್ತದೆ. ‘ಕಾರ್’ ಅನ್ನುವ ಬದಲು ‘ಕಾಅ’ ಅಂತಾರೆ, ಕೇಳಿದವರಿಗೆ ‘ಮಲ್ಲಿಕಾಜುನ’. ನೀವು ಬವೇರಿಯಾದಲ್ಲಿ ಇರುವುದು ಒಳ್ಳೆಯದಾಯಿತು. ಅಲ್ಲಿನ ಹಳೇ ಮಂದಿ, ಹಳ್ಳಿ ಕಡೆಯವರು ನಾಲಿಗೆಯ ತುದಿಯಿಂದಲೇ ರ ಹೇಳುತ್ತಾರೆ, ನಮ್ಮ ಹಾಗೆ. ‘ಬವೇರಿಯನ್ನರ r’ ಅಂತ ಒಂದು ಮಾತು ಸೇರಿಸಿ. ನಕ್ಕು ಸರಿಯಾಗಿ ಹೇಳುತ್ತಾರೆ.

ಎರಡನೆಯದು ಲ್ಲ. ಇದು ಸ್ವಲ್ಪ ಸೂಕ್ಷ್ಮ. ಜರ್ಮನ್‌ನಲ್ಲಿಯೂ ll ಬರೆಯುತ್ತಾರೆ, ಆದರೆ ಅದು ಹಿಂದಿನ ಸ್ವರ ಹ್ರಸ್ವ ಅಂತ ಹೇಳುವ ಗುರುತು ಮಾತ್ರ. ಲಕಾರವನ್ನು ಅವರು ಹಿಡಿದು ನಿಲ್ಲಿಸುವುದಿಲ್ಲ. ನಾವು ನಿಲ್ಲಿಸುತ್ತೇವೆ. ‘ಹಲಿ’ ಬೇರೆ, ‘ಹಲ್ಲಿ’ ಬೇರೆ. ಅವರಿಗೆ ಇದನ್ನು ಕೇಳಿಸಬೇಕಾದರೆ ಎರಡು ಮಾತು ಸೇರುವ ಕಡೆ ತೋರಿಸಬೇಕು. viel Liebe ಅನ್ನುವಾಗ ಮೊದಲ ಮಾತಿನ ಕೊನೆಯ ಲ್, ಎರಡನೆಯದರ ಮೊದಲ ಲ ಎರಡೂ ಒತ್ತಿಕೊಳ್ಳುತ್ತವೆ. ನಿಧಾನವಾಗಿ ಹೇಳಿದರೆ ನಮ್ಮ ‘ಲ್ಲ’ ಅಲ್ಲಿ ಸಿಗುತ್ತದೆ.

ಕೊನೆಯ ‘ಅ’ ಬಗ್ಗೆ ಚಿಂತೆ ಬೇಡ. ಪದದ ಕೊನೆಯ a ಅನ್ನು ಜರ್ಮನರು ಪೂರ್ತಿ ಹೇಳುತ್ತಾರೆ.

ಬೆಳಗಾವಿ_ಕುಂದಾ

ಕೊನೆಯ ಅಕಾರ ಜರ್ಮನರು ಹೇಳುತ್ತಾರೆ, ಪಕ್ಕದ ಸೀಟಿನ ದಿಲ್ಲಿಯವನು ಹೇಳುವುದಿಲ್ಲ. ಅವನಿಗೆ ನೀವು ಮಲ್ಲಿಕಾರ್ಜುನ್. ಅವನನ್ನು ಕೇಳಿ ಇಡೀ ಟೀಮು ಹಾಗೇ ಕಲಿಯುತ್ತದೆ, ನೋಡುತ್ತಿರಿ.

ಹೇಮಾವತಿ_ದಂಡೆ

ಆಗಲೇ ಆಗಿದೆ! ಲಖನೌದವರೊಬ್ಬರು ಇದ್ದಾರೆ. ಎಲ್ಲರೂ ಅವರನ್ನೇ ಕೇಳುತ್ತಾರೆ, ಇಬ್ಬರೂ ಇಂಡಿಯಾದವರಲ್ಲವಾ ಅಂತ.

ಅಜ್ಜಂಪುರದವಳು

ಆ ಬರವಣಿಗೆಯಲ್ಲಿ KAAR ಮಾತ್ರ ದೊಡ್ಡಕ್ಷರ ಯಾಕೆ? ಕನ್ನಡದಲ್ಲಿ ಹಾಗೆ ಒಂದು ಅಕ್ಷರವನ್ನು ಒತ್ತಿ ಹೇಳುವುದೇ ಇಲ್ಲ. ಎಲ್ಲ ಅಕ್ಷರಕ್ಕೂ ಸಮ ತೂಕ. ನಾವೇ ಅವರಿಗೆ ತಪ್ಪು ಕಲಿಸಿದ ಹಾಗಾಯಿತು.

ಮತ್ತಿಮರ

ನೀವು ಹೇಳಿದ್ದು ನಿಜ ಮೇಡಂ, ಇಂಗ್ಲಿಷ್ ಜರ್ಮನ್‌ಗಳಲ್ಲಿ ಇರುವಂಥ ಒತ್ತು ನಮ್ಮಲ್ಲಿಲ್ಲ. ಆದರೆ ಅವರಿಗೆ ಒತ್ತದೆ ಹೇಳಲು ಬರುವುದಿಲ್ಲ. ನಾವು ಜಾಗ ತೋರಿಸದಿದ್ದರೆ ಅವರೇ ಒಂದು ಜಾಗ ಹುಡುಕುತ್ತಾರೆ. ಇಂಥ a ಕೊನೆಯ ಹೆಸರಿನಲ್ಲಿ ಅದು ಕೊನೆಯಿಂದ ಎರಡನೆಯದಾಗುವುದೇ ಹೆಚ್ಚು, ಮಾರಿಯಾ, ಸಬೀನಾ ಅನ್ನುವ ಹಾಗೆ. ಆಗ ‘ಮಲ್ಲಿಕಾರ್‌ಜೂನ’ ಆಗುತ್ತದೆ, ಹ್ರಸ್ವ ಉಕಾರ ದೀರ್ಘವಾಗಿಬಿಡುತ್ತದೆ. ಕಾರ್ ಹೇಗೂ ದೀರ್ಘ, ಮೇಲೆ ರ್ ಬೇರೆ, ಛಂದಸ್ಸಿನ ಲೆಕ್ಕದಲ್ಲಿ ಗುರು. ಒತ್ತು ಅಲ್ಲಿ ಬಿದ್ದರೆ ನಮ್ಮ ಕಿವಿಗೆ ಅಷ್ಟೇನೂ ಅನ್ನಿಸುವುದಿಲ್ಲ.

ಅಜ್ಜಂಪುರದವಳು

ಒತ್ತುವ ಬದಲು ಎಳೆಯಿರಿ ಅಂತ ಹೇಳಿಕೊಡಬಹುದಲ್ಲ. ಮಲ್-ಲಿ-ಕಾಆರ್-ಜು-ನ ಅಂತ ಮೇಜಿನ ಮೇಲೆ ಬೆರಳು ಬಡಿದು ತೋರಿಸಿದರೆ ಮಕ್ಕಳೂ ಹೇಳುತ್ತಾರೆ. ನಾನು ಇಲ್ಲಿ ಡಬ್ಲಿನ್‌ನಲ್ಲಿ ನನ್ನ ಹೆಸರನ್ನು ಹಾಗೇ ಕಲಿಸಿದ್ದು. ‘ವಿಶಾಲಾಕ್ಷಿ’ ಸರಿಯಾಗಿ ಬರುತ್ತದೆ ಅವರಿಗೆ. ‘ಕ್ಷಿ’ ಒಂದು ಬಿಟ್ಟು.

ಮತ್ತಿಮರ

ಎದುರಿಗೆ ಸಿಕ್ಕವರಿಗೆ ಅದು ಸರಿ. ಪುಟದಲ್ಲಿ ಓದುವವರಿಗೆ ಬೆರಳು ಕಾಣುವುದಿಲ್ಲವಲ್ಲ. ನಾನು ದೊಡ್ಡಕ್ಷರ ಬಿಡುವುದಿಲ್ಲ.

ಸುಮ್ನೆ_ಓದುಗ

ಇಷ್ಟೆಲ್ಲ ಯಾಕೆ? ಲಿಂಕ್ಡ್‌ಇನ್‌ನಲ್ಲಿ ಹೆಸರು ಧ್ವನಿಯಲ್ಲಿ ಹಾಕುವ ಸೌಲಭ್ಯ ಇದೆ, 10 ಸೆಕೆಂಡ್. ಅದನ್ನೇ ಪುಟದಲ್ಲಿ ಕೊಡಿ.

ಕಾಫಿತೋಟ

ಈ ಸಲ ಒಳ್ಳೆಯ ಮಾತು ಹೇಳಿದಿರಿ.

ಅಜ್ಜಂಪುರದವಳು

ಧ್ವನಿ ಇರಲಿ, ಬರಹವೂ ಇರಲಿ. ಧ್ವನಿಯನ್ನು ಒಂದು ಸಲ ಕೇಳುತ್ತಾರೆ, ಮೀಟಿಂಗಿನ ಹೊತ್ತಿಗೆ ಮರೆತಿರುತ್ತಾರೆ. ಇನ್ನೊಂದು, ನಾವು ರೆಕಾರ್ಡ್ ಮಾಡುವಾಗ ಅಭ್ಯಾಸದಂತೆ ಗಡಿಬಿಡಿಯಲ್ಲಿ ಹೇಳಿಬಿಡುತ್ತೇವೆ. ಮೊದಲು ಬಿಡಿಬಿಡಿಯಾಗಿ, ಆಮೇಲೆ ಮಾಮೂಲಿ ವೇಗದಲ್ಲಿ, ಹೀಗೆ ಎರಡು ಸಲ ಹೇಳಿ. ಹತ್ತು ಸೆಕೆಂಡಿನಲ್ಲಿ ಎರಡೂ ಆಗುತ್ತದೆ.

ಗಣಕದ_ಗುಮಾಸ್ತ

Mallikarj ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ, ನಿಮ್ಮ ಎಚ್‌ಆರ್‌ನವರು ಪಾಸ್‌ಪೋರ್ಟನ್ನು ಸ್ಕ್ಯಾನ್ ಮಾಡಿದ್ದಾರೆ, ಟೈಪ್ ಮಾಡಿಲ್ಲ.

ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವೆ. ಒಂದೊಂದು ಸಾಲಿಗೂ 44 ಮನೆ. ಮೊದಲ ಸಾಲಿನಲ್ಲಿ ಪಾಸ್‌ಪೋರ್ಟಿನ ಗುರುತು ಮತ್ತು ದೇಶಕ್ಕೆ 5 ಹೋಗುತ್ತದೆ, ಹೆಸರಿಗೆ ಉಳಿಯುವುದು 39. ನಿಮ್ಮದನ್ನು ಎಣಿಸಿ. ಊರು 14, ಅಪ್ಪ 13, ನೀವು 12. ಊರು ಮತ್ತು ಅಪ್ಪನ ನಡುವೆ ಒಂದು ತಡೆಗುರುತು, ಸರ್‌ನೇಮ್ ಮುಗಿದದ್ದಕ್ಕೆ ಎರಡು. ಒಟ್ಟು 42. ಮೂರು ಜಾಸ್ತಿ. ಕೊನೆಯಿಂದ ಕತ್ತರಿಸಿದರೆ ಹೀಗಾಗುತ್ತದೆ:

```
P<INDHOLENARASIPURA<SHIVANANJAPPA<<MALLIKARJ
```

ಊರಿಗೂ ಅಪ್ಪನಿಗೂ ಪೂರ್ತಿ ಜಾಗ ಸಿಕ್ಕಿತು, ನಿಮ್ಮ ‘una’ ಬಿದ್ದುಹೋಯಿತು. ಮೇಲೆ ಅಚ್ಚಾಗಿರುವ ಹೆಸರು ಪೂರ್ತಿ ಇರುತ್ತದೆ, ಅದೇ ನಿಮ್ಮ ಅಧಿಕೃತ ಹೆಸರು. ಪಾಸ್‌ಪೋರ್ಟಿನಲ್ಲಿ ತಪ್ಪಿಲ್ಲ. ಎಚ್‌ಆರ್‌ಗೆ ಆ ಮೇಲಿನ ಭಾಗ ತೋರಿಸಿ, ‘ಕೆಳಗಿನ ಸಾಲಿನಲ್ಲಿ ಹೆಸರು ತುಂಡಾಗಿದೆ’ ಅಂತ ಹೇಳಿ. ಸಾಮಾನ್ಯವಾಗಿ ಸಿಸ್ಟಮ್‌ನಲ್ಲಿ ‘ಕರೆಯುವ ಹೆಸರು’ ಅಂತ ಬೇರೆ ಜಾಗವೂ ಇರುತ್ತದೆ, ಸಂಬಳಕ್ಕೆ ಸಂಬಂಧವಿಲ್ಲದ್ದು. ಅದರಲ್ಲಿ ಪೂರ್ತಿ ಮಲ್ಲಿಕಾರ್ಜುನ ಹಾಕಿಸಿ. ಚೀಟಿ ಎಷ್ಟು ಚೆನ್ನಾಗಿ ಬರೆದರೂ ಪರದೆ ಮೇಲೆ Mallikarj ಇರುವ ತನಕ ಅವರು ಅದನ್ನೇ ಓದುತ್ತಾರೆ.

ಹೇಮಾವತಿ_ದಂಡೆ

ಈಗ ತೆಗೆದು ನೋಡಿದೆ. ಅಕ್ಷರಶಃ J ಅಲ್ಲಿಗೇ ನಿಂತಿದೆ! ಇಷ್ಟು ವರ್ಷ ಇಟ್ಟುಕೊಂಡು ಆ ಸಾಲನ್ನು ನೋಡಿಯೇ ಇರಲಿಲ್ಲ. ನಾಳೆಯೇ ಎಚ್‌ಆರ್‌ಗೆ ಹೇಳುತ್ತೇನೆ. ಫ್ರೌ ಅನ್ನುವುದನ್ನೂ.

ಟೆಕ್ಸಾಸ್_ತಿಪಟೂರು

ನಿಮ್ಮದು ಪರವಾಗಿಲ್ಲ ಬಿಡಿ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನೆಲ್ಲ ಸರ್‌ನೇಮ್‌ಗೆ ತಳ್ಳಿ, ಮೊದಲ ಹೆಸರಿನ ಜಾಗಕ್ಕೆ FNU ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ. ಅದೇ ಡ್ರೈವಿಂಗ್ ಲೈಸೆನ್ಸಿಗೂ ಹೋಯಿತು, ಬ್ಯಾಂಕಿಗೂ ಹೋಯಿತು. ಆಫೀಸಿನ ರಿಸೆಪ್ಷನ್‌ನಲ್ಲಿ ಒಬ್ಬಾಕೆ ತುಂಬಾ ಮರ್ಯಾದೆಯಿಂದ ‘ಗುಡ್ ಮಾರ್ನಿಂಗ್ ಫ್ನೂ’ ಅನ್ನುತ್ತಿದ್ದಳು. ಕೆಲವು ತಿಂಗಳು ನಾನೂ ಓಗೊಟ್ಟೆ. ಆಫೀಸಿನಲ್ಲಿ ಇನ್ನೊಬ್ಬ ಫ್ನೂ ಇದ್ದ, ಹೈದರಾಬಾದಿನವನು. ಅವರ ಪ್ರಕಾರ ಇಂಡಿಯಾದಲ್ಲಿ ಅದು ತುಂಬಾ ಚಾಲ್ತಿಯಲ್ಲಿರುವ ಹೆಸರು.

ಕಾಫಿತೋಟ

😂😂

ಬೆಳಗಾವಿ_ಕುಂದಾ

ಇದಕ್ಕೇ ನಾನು ಹೇಳುವುದು, ದಕ್ಷಿಣದ ನೀವು ಹೆಸರಿಡುವ ಕ್ರಮವೇ ಉಲ್ಟಾ. ನಮ್ಮ ಕಡೆ ಮೊದಲು ನನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಅಡ್ಡಹೆಸರು. ಬಿ.ಡಿ. ಜತ್ತಿ ಅಂದರೆ ಬಸಪ್ಪ ದಾನಪ್ಪ ಜತ್ತಿ. ಊರು ಬಂದರೂ ಕೊನೆಗೆ, ಗಂಗೂಬಾಯಿ ಹಾನಗಲ್ ಅನ್ನುವ ಹಾಗೆ. ಜಗತ್ತಿನ ಯಾವ ಫಾರ್ಮಿಗೂ ಕೂರುತ್ತದೆ. ನಿಮ್ಮದರಲ್ಲಿ ಊರು ಮೊದಲು, ಅಪ್ಪ ಆಮೇಲೆ, ಪಾಪ ತಾನು ಕೊನೆಗೆ.

ಹಾಸನದ_ಹೈದ

ಉಲ್ಟಾ ಅಂತ ಯಾಕೆ ಅನ್ನುತ್ತೀರಿ? ಕಾಗದದ ಮೇಲೆ ಎಚ್.ಡಿ. ದೇವೇಗೌಡ ಅಂದರೆ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡ. ಎಲ್ಲಿಯವನು, ಯಾರ ಮಗ, ಯಾರು. ಕೇಳುವ ಕ್ರಮದಲ್ಲೇ ಇದೆ. ಕರೆಯುವಾಗ ಯಾರಾದರೂ ‘ಹರದನಹಳ್ಳಿ’ ಅಂತಾರಾ?

ಕಾಫಿತೋಟ

ನಮ್ಮ ಕೊಡವರಲ್ಲಿ ಮೊದಲು ಬರುವುದು ಊರಲ್ಲ, ಮನೆಪೆದ. ಫೀಲ್ಡ್ ಮಾರ್ಷಲ್ ಕಾರಿಯಪ್ಪನವರು ಕೊಡಂದೇರ ಮಾದಪ್ಪ ಕಾರಿಯಪ್ಪ. ಜನರಲ್ ತಿಮ್ಮಯ್ಯನವರೂ ಕೊಡಂದೇರದವರೇ. ಅಲ್ಲಿ ಮೊದಲ ಪದವೇ ಇಂಗ್ಲಿಷಿನವರ ಸರ್‌ನೇಮ್‌ಗೆ ಸಮ. ಆದ್ದರಿಂದ ಕರ್ನಾಟಕದ ಹೆಸರು ಅಂದರೆ ಹೀಗೇ ಅಂತ ಚೀಟಿಯಲ್ಲಿ ಬರೆಯಬೇಡಿ. ‘ನಮ್ಮ ಸೀಮೆಯಲ್ಲಿ’ ಅಂತ ಬರೆಯಿರಿ.

ಇನ್ನೊಂದು, ಮೊದಲ ಇನಿಷಿಯಲ್ ಊರು ಅಂದರೆ ಹುಟ್ಟಿದ ಊರೇ ಆಗಬೇಕೆಂದಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿ. ಹೆಸರಿನಲ್ಲಿರುವುದು ಮೋಕ್ಷಗುಂಡಂ, ಹಿರಿಯರ ಊರು, ಆಂಧ್ರದ್ದು.

ಹೇಮಾವತಿ_ದಂಡೆ

ನನ್ನದೂ ಅದೇ. ಹುಟ್ಟಿದ್ದು ಮೈಸೂರಿನಲ್ಲಿ. ತಾತನ ಕಾಲದಿಂದ ‘ಎಚ್’ ಮಾತ್ರ ಜತೆಗೆ ಬಂದಿದೆ.

ಸ್ಟುಟ್‌ಗಾರ್ಟ್_ಸುಧಾ

ನನ್ನ ಕೇಸ್ ಕೇಳಿ. ಮಗಳು ಇಲ್ಲೇ ಹುಟ್ಟಿದಳು. ಜನನ ನೋಂದಣಿಗೆ ಹೋದಾಗ ಮನೆತನದ ಹೆಸರು ಯಾವುದು ಅಂದರು. ಇಲ್ಲ ಅಂದೆವು. ಇರಲೇಬೇಕು ಅಂದರು. ಯಜಮಾನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರಿತ್ತು, ಅದೇ ಮಗಳಿಗೂ ಬಂತು. ಈಗ ಶಾಲೆಯಲ್ಲಿ ನಾವೆಲ್ಲ ‘ಚಿಕ್ಕನಾಯಕನಹಳ್ಳಿ ಫ್ಯಾಮಿಲಿ’. ಲೆಟರ್‌ಬಾಕ್ಸಿನ ಮೇಲೆ ಹಿಡಿಸುವುದಿಲ್ಲ, ಎರಡು ಸಾಲು ಮಾಡಿದ್ದೇವೆ. ಮಗಳು ಮಾತ್ರ ತಡವರಿಸದೆ ಹೇಳುತ್ತಾಳೆ, ಟೀಚರಿಗೂ ಅವಳೇ ಕಲಿಸಿದಳು.

ಮಲ್ಲಿಕಾರ್ಜುನ ಅವರೇ, ಮಕ್ಕಳ ವಿಷಯ ಬರುವ ಮೊದಲೇ ಸರ್‌ನೇಮ್ ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ.

ಹೇಮಾವತಿ_ದಂಡೆ

ಮೇಡಂ, ಇನ್ನೂ ಮದುವೆಯೇ ಆಗಿಲ್ಲ!

ವಕೀಲರ_ಓಣಿ

ಆಗಲೂ ಅಫಿಡವಿಟ್ ಬೇಕಾಗುತ್ತದೆ.

ಶಂಕರಘಟ್ಟ

ಅರ್ಥದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ‘ಶಿವನ ಹೆಸರು’ ಅಂದರೆ ಅವರಿಗೆ ಏನು ತಿಳಿಯುತ್ತದೆ? ಮಲ್ಲಿಕಾ ಅಂದರೆ ಮಲ್ಲಿಗೆ. ಪಾಂಡವರ ಅರ್ಜುನ ಮಲ್ಲಿಗೆ ಹೂವಿನಿಂದ ಶಿವನನ್ನು ಪೂಜೆ ಮಾಡಿದ, ಅದಕ್ಕೇ ಮಲ್ಲಿಕಾರ್ಜುನ. ಮಹಾಭಾರತದ ಅರ್ಜುನ ಅಂದರೆ ಜರ್ಮನರಿಗೂ ಗೊತ್ತಿರುತ್ತದೆ. ಅದನ್ನು ಬರೆಯಿರಿ.

ಸುಮ್ನೆ_ಓದುಗ

ನಾನು ಹೇಳಿದ್ದೂ ಅರ್ಜುನ್ ಅಂತಲೇ.

ಮತ್ತಿಮರ

ಮಲ್ಲಿಗೆಯ ತನಕ ಸರಿ. ಪಾಂಡವರ ಅರ್ಜುನನನ್ನು ಎಳೆದು ತರುವ ಅಗತ್ಯವಿಲ್ಲ. ಅರ್ಜುನ ಅನ್ನುವ ಮಾತಿಗೆ ಮೂಲ ಅರ್ಥ ಬಿಳಿ, ಹೊಳೆಯುವಂಥದ್ದು. ಹಾಗಾಗಿ ಮಲ್ಲಿಗೆಯಷ್ಟು ಬೆಳ್ಳಗಿರುವವನು, ಅಂದರೆ ಶಿವ. ಅಕ್ಕಮಹಾದೇವಿಯ ವಚನಗಳ ಅಂಕಿತ ‘ಚೆನ್ನಮಲ್ಲಿಕಾರ್ಜುನ’ವನ್ನು ಹಲವರು ಹೀಗೆಯೇ ತಿಳಿದುಕೊಳ್ಳುತ್ತಾರೆ.

ಶಂಕರಘಟ್ಟ

ಶ್ರೀಶೈಲದಲ್ಲಿ ಮಲ್ಲಿಗೆಯಿಂದ ಪೂಜೆ ಮಾಡಿದ ಕಥೆ ಇದೆಯಲ್ಲ? ನಾನು ಅಲ್ಲಿಗೆ ಹೋದಾಗಲೇ ಕೇಳಿದ್ದು.

ಮತ್ತಿಮರ

ಕಥೆ ಇದೆ. ಅಲ್ಲಿ ಮಲ್ಲಿಗೆ ಹೂ ಏರಿಸುವವಳು ಚಂದ್ರವತಿ ಅನ್ನುವ ರಾಜಕುಮಾರಿ. ಅರ್ಜುನನನ್ನು ಸೇರಿಸಿ ಹೇಳುವವರೂ ಇದ್ದಾರೆ, ನೀವು ಕೇಳಿದ್ದು ಸುಳ್ಳು ಅನ್ನುತ್ತಿಲ್ಲ. ಹೆಸರು ಬಿಡಿಸುವುದಕ್ಕೆ ಅದು ಬೇಕಾಗಿಲ್ಲ ಅಂದೆ ಅಷ್ಟೇ.

ಇನ್ನೊಂದು ದಾರಿಯೂ ಇದೆ. ಅರ್ಜುನ ಅಂದರೆ ಮರ. ನಾವು ಹೊಳೆಮತ್ತಿ, ನೀರುಮತ್ತಿ ಅನ್ನುತ್ತೇವಲ್ಲ, ಹೊಳೆಯ ದಂಡೆಯಲ್ಲಿ ಬೆಳೆಯುವ, ತೊಗಟೆ ಬೆಳ್ಳಗೆ ನುಣ್ಣಗಿರುವ ಮರ. ಅದಕ್ಕೆ ಸಂಸ್ಕೃತದಲ್ಲಿ ಅರ್ಜುನ. ತಮಿಳಿನಲ್ಲಿ ಮರುದಂ. ತಂಜಾವೂರು ಸೀಮೆಯ ತಿರುವಿಡೈಮರುದೂರಿನ ಶಿವನಿಗೆ ಮಧ್ಯಾರ್ಜುನ ಅಂತ ಹೆಸರು, ಶ್ರೀಶೈಲದ ಮಲ್ಲಿಕಾರ್ಜುನನ ಜತೆಗೆ ಸೇರಿಸಿಯೇ ಹೇಳುತ್ತಾರೆ. ಅಲ್ಲಿ ಅರ್ಜುನ ಖಂಡಿತ ಮರವೇ, ಊರಿನ ಹೆಸರಿನಲ್ಲೇ ಮರುದು ಇದೆ. ಹಾಗಿದ್ದರೆ ಮಲ್ಲಿಕಾರ್ಜುನ ಅಂದರೆ ಮಲ್ಲಿಗೆ ಬಳ್ಳಿ ಹಬ್ಬಿದ ಮತ್ತಿಮರದ ಕೆಳಗಿನ ಲಿಂಗ ಅಂತಲೂ ಆಗಬಹುದು. ನನಗೆ ಇದೇ ಹೆಚ್ಚು ಇಷ್ಟ.

ಹಾಸನದ_ಹೈದ

ನಿಮ್ಮ ಐಡಿ ನೋಡಿದಾಗಲೇ ಗೊತ್ತಾಯಿತು ಎಲ್ಲಿಗೆ ಬರುತ್ತೀರಿ ಅಂತ.

ಶಂಕರಘಟ್ಟ

ಮರ ಅನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವುದು ಪೂಜೆಯ ಕಥೆಯೇ.

ಅಜ್ಜಂಪುರದವಳು

ಇಬ್ಬರೂ ಜಗಳ ಮುಂದುವರಿಸಿ. ಚೀಟಿಗೆ ‘ಮಲ್ಲಿಗೆಯಷ್ಟು ಬೆಳ್ಳಗಿರುವವನು, ಶಿವ’ ಅನ್ನುವ ಒಂದು ಸಾಲು ಸಾಕು. ಮೊದಲ ದಿನವೇ ಮೂರು ಅರ್ಥ, ಎರಡು ಪುರಾಣ ಹೇಳಿದರೆ ಕಾಫಿ ಮೆಷಿನ್ ಹತ್ತಿರ ಯಾರೂ ನಿಲ್ಲುವುದಿಲ್ಲ. ಹೂವಿನ ಹೆಸರು ಇದ್ದರೆ ನೆನಪೂ ಉಳಿಯುತ್ತದೆ. ಜರ್ಮನ್‌ನಲ್ಲೂ ಮಲ್ಲಿಗೆಗೆ Jasmin ಅಂತಲೇ ಅಲ್ವಾ?

ಸ್ಟುಟ್‌ಗಾರ್ಟ್_ಸುಧಾ

ಹೌದು, ‘ಯಾಸ್ಮೀನ್’ ಅಂತಾರೆ. ಆದರೆ ಅದು ಇಲ್ಲಿ ಹೆಣ್ಣುಮಕ್ಕಳ ಹೆಸರು. ಆ ‘ಫ್ರೌ’ ಇನ್ನಷ್ಟು ಗಟ್ಟಿಯಾಗುತ್ತದೆ, ಹುಷಾರು. ‘ಗಂಡಸರ ಹೆಸರು’ ಅಂತ ಒಂದು ಮಾತು ಮುಂದೆಯೇ ಹಾಕಿ. ಇಲ್ಲಿನ ಪತ್ರಗಳಲ್ಲಿ ಹೆಸರಿನ ಮುಂದೆ ಹೆರ್ ಅಥವಾ ಫ್ರೌ ಹಾಕದೆ ಬರೆಯುವುದು ಅವರಿಗೆ ಕಷ್ಟ. a ಅಂತ ಮುಗಿದ ಹೆಸರು ಕಂಡರೆ ಹೆಣ್ಣು ಅಂದುಕೊಳ್ಳುತ್ತಾರೆ. ನಮ್ಮ ಯಜಮಾನರು ರಾಘವೇಂದ್ರ, ಅವರಿಗೂ ಇದೇ ಪಾಡು.

ಸುಮ್ನೆ_ಓದುಗ

ಮಲ್ಲಿ ಅಂತ ಕರೆಸಿಕೊಳ್ಳಬಹುದಲ್ಲ, ಅರ್ಜುನ್ ಬೇಡವಾದರೆ.

ಹೇಮಾವತಿ_ದಂಡೆ

ಮಲ್ಲಿ ಅಂದರೆ ನಮ್ಮೂರಲ್ಲಿ ಪಕ್ಕದ ಮನೆ ಹುಡುಗಿ. ಬೇಡ.

ಹಾಸನದ_ಹೈದ

ಹೊಳೆನರಸೀಪುರವನ್ನು ಕಲಿಸುವುದಿಲ್ವಾ? ನಮ್ಮೂರಿನ ಹೆಸರು ಜರ್ಮನರ ಬಾಯಲ್ಲಿ ಕೇಳಬೇಕು ನನಗೆ. ಲಕ್ಷ್ಮೀನರಸಿಂಹನ ದೇವಸ್ಥಾನ ಇದೆ, ಅದರಿಂದ ನರಸೀಪುರ. ಪಕ್ಕದಲ್ಲಿ ಹೊಳೆ ಇದೆ, ಅದರಿಂದ ಹೊಳೆನರಸೀಪುರ. ಆ ಕಡೆ ಮೈಸೂರು ಜಿಲ್ಲೆಯಲ್ಲಿ ತಿರುಮಕೂಡಲು ನರಸೀಪುರ ಇರುವುದರಿಂದ ಯಾವ ನರಸೀಪುರ ಅಂತ ಹೇಳಲೇಬೇಕಾಗುತ್ತದೆ. ಅದನ್ನು ಟಿ. ನರಸೀಪುರ ಅಂತಾರಲ್ಲ. ಊರಿಗೂ ಇನಿಷಿಯಲ್ ಇದೆ ಅಂತ ಬರೆಯಿರಿ, ಮಜಾ ಬರುತ್ತದೆ.

ಮತ್ತಿಮರ

ಇದು ಚೀಟಿಯಲ್ಲಿ ಒಳ್ಳೆಯ ಸಾಲು ಆಗುತ್ತದೆ, ಸೇರಿಸಿ.

ಉಚ್ಚಾರಣೆಗೆ ಬಂದರೆ ‘ಹೊಳೆ’ಯಲ್ಲಿ ಎರಡು ತೊಡಕಿವೆ. ಇಂಗ್ಲಿಷ್ ಬಲ್ಲವರು ಕಂಡ ಕೂಡಲೆ ‘ಹೋಲ್’ ಅಂತಾರೆ, ತೂತು. ಜರ್ಮನರು ‘ಹೋಲೆ’ ಅಂತಾರೆ, ಮುಂದೆ ಒಂದೇ l ಇರುವುದರಿಂದ ಅವರ ರೂಢಿಯಲ್ಲಿ ಓಕಾರ ದೀರ್ಘ. ಹ್ರಸ್ವ ಮಾಡಿಸಬೇಕಾದರೆ ಎರಡು l ಬರೆಯಬೇಕು, Holle. ಮೊದಲೇ ಹೇಳಿದೆನಲ್ಲ, ಅವರು ಎರಡು l ಕಂಡರೆ ಲಕಾರವನ್ನು ಒತ್ತುವುದಿಲ್ಲ, ಹಿಂದಿನ ಸ್ವರವನ್ನು ಮೊಟಕು ಮಾಡುತ್ತಾರೆ. ಮಲ್ಲಿಯಲ್ಲಿ ತೊಂದರೆ ಕೊಟ್ಟದ್ದು ಹೊಳೆಯಲ್ಲಿ ಉಪಯೋಗಕ್ಕೆ ಬಂತು. ಮೇಲಾಗಿ ಫ್ರೌ ಹೊಲ್ಲೆ ಅಂತ ಜರ್ಮನಿಯಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಜನಪದ ಕಥೆಯ ಅಜ್ಜಿ ಇದ್ದಾಳೆ, ಅವಳು ಹಾಸಿಗೆ ಕೊಡವಿದರೆ ಭೂಮಿಯ ಮೇಲೆ ಹಿಮ ಬೀಳುತ್ತದೆ. ಆ ಹೊಲ್ಲೆ ಅಂದರೆ ಯಾರಿಗೂ ತಪ್ಪುವುದಿಲ್ಲ.

```
HOL-le-na-ra-ssi-pu-ra
```

si ಬದಲು ssi ಯಾಕೆಂದರೆ ಎರಡು ಸ್ವರದ ನಡುವೆ ಒಂಟಿ s ಬಂದರೆ ಅವರು z ಮಾಡುತ್ತಾರೆ, ನರಜ್ಹೀಪುರ ಅನ್ನುವ ಹಾಗೆ ಕೇಳುತ್ತದೆ. ಬರೀ i ಬರೆದಿರುವುದರಿಂದ ‘ಸೀ’ ಹ್ರಸ್ವವಾಗುವ ಅಪಾಯ ಇದೆ. ಇರಲಿ ಬಿಡಿ, ನಮ್ಮವರೇ ಅರ್ಧ ಜನ ನರಸಿಪುರ ಅಂತ ಬರೆಯುತ್ತಾರೆ. ‘ಳ’ ಬರುವುದಿಲ್ಲ, ಅದಕ್ಕೆ ಹಟ ಹಿಡಿಯಬೇಡಿ.

ಸ್ಟುಟ್‌ಗಾರ್ಟ್_ಸುಧಾ

ಅಯ್ಯೋ, ಫ್ರೌ ಹೊಲ್ಲೆ ಅಂತ ನೀವೇ ಹೇಳಿಕೊಟ್ಟರೆ ಮುಗಿಯಿತು! ಕ್ಯಾಂಟೀನ್ ಕಾರ್ಡಿನಲ್ಲಿ ಆಗಲೇ ಫ್ರೌ ಹೊಳೆನರಸೀಪುರ ಇದೆ. ನಿವೃತ್ತಿಯ ತನಕ ಅದೇ ಅಡ್ಡಹೆಸರು ಇವರಿಗೆ. ಹಿಮ ಬಿದ್ದ ದಿನ ಎಲ್ಲರೂ ಇವರ ಮೇಜಿನ ಹತ್ತಿರ ಬರುತ್ತಾರೆ.

ಮತ್ತಿಮರ

ಅದನ್ನು ಯೋಚಿಸಿರಲಿಲ್ಲ 😄

ಹೇಮಾವತಿ_ದಂಡೆ

ಊರಿನ ಉಚ್ಚಾರಣೆ ಸದ್ಯಕ್ಕೆ ಬಿಡುತ್ತೇನೆ. ಅರ್ಥ ಮಾತ್ರ ಇಡುತ್ತೇನೆ.

ಕಾಫಿತೋಟ

ಅಪ್ಪನ ಹೆಸರು? ನಂಜಪ್ಪ ಅಂದರೆ ನಂಜುಂಡ, ನಂಜನ್ನು ಉಂಡವನು, ಮತ್ತೆ ಶಿವನೇ. ನಂಜನಗೂಡಿನ ದೇವರು. ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ‘ವಿಷ’ ಅನ್ನುವ ಮಾತು ಮೊದಲ ವಾರವೇ ಬೇಕಾ ಯೋಚಿಸಿ.

ಅಜ್ಜಂಪುರದವಳು

ಅಪ್ಪನ ಹೆಸರನ್ನು ವಿವರಿಸಬೇಡಿ. ‘ಇದು ನನ್ನ ತಂದೆಯ ಹೆಸರು, ನನ್ನದಲ್ಲ, ಇದರಿಂದ ನನ್ನನ್ನು ಕರೆಯಬೇಡಿ’ ಅಂತ ಹೇಳಿದರೆ ಸಾಕು. ನನ್ನನ್ನು ಒಬ್ಬರು ಒಂದಿಡೀ ವರ್ಷ ನಮ್ಮಪ್ಪನ ಹೆಸರಿನಿಂದ ಕರೆದರು. ಮೀಟಿಂಗಿನಲ್ಲಿ ‘ತಿಮ್ಮಪ್ಪ, ನಿಮ್ಮ ಅಭಿಪ್ರಾಯ?’ ಅಂದಾಗಲೆಲ್ಲ ಅಪ್ಪ ಬಂದು ಹಿಂದೆ ನಿಂತ ಹಾಗಾಗುತ್ತಿತ್ತು.

ಹೇಮಾವತಿ_ದಂಡೆ

ಎಲ್ಲರಿಗೂ ವಂದನೆ. ತಿದ್ದಿದ ಚೀಟಿಯ ಸಾರ:

‘ನನ್ನನ್ನು ಮಲ್ಲಿಕಾರ್ಜುನ ಎಂದು ಕರೆಯಿರಿ. ಗಂಡಸರ ಹೆಸರು. ಪರದೆಯ ಮೇಲೆ ಕಾಣುವ Mallikarj ಯಂತ್ರ ಕತ್ತರಿಸಿದ್ದು, ಸರಿಪಡಿಸುತ್ತಿದ್ದಾರೆ. ಹೇಳುವುದು ಹೀಗೆ: mal-li-KAAR-dschu-na. dschu ಅಂದರೆ Dschungel ನಲ್ಲಿರುವ ಹಾಗೆ. ಲ್ಲ ಅಂದರೆ viel Liebe ಯಲ್ಲಿರುವ ಹಾಗೆ ಸ್ವಲ್ಪ ನಿಲ್ಲಿಸಿ. r ಬವೇರಿಯಾದವರ ಹಾಗೆ. ಕೊನೆಯ a ಬಿಡಬೇಡಿ. ಮಲ್ಲಿಗೆಯಷ್ಟು ಬೆಳ್ಳಗಿರುವವನು ಎಂದು ಅರ್ಥ, ಶಿವನ ಹೆಸರು. ಹೊಳೆನರಸೀಪುರ ನಮ್ಮ ಹಿರಿಯರ ಊರು. ಹೊಳೆಯ ಪಕ್ಕದ, ನರಸಿಂಹ ದೇವರ ಊರು ಎಂದು ಅರ್ಥ. ಇನ್ನೊಂದು ನರಸೀಪುರವೂ ಇರುವುದರಿಂದ ಊರಿಗೂ ಇನಿಷಿಯಲ್ ಬೇಕಾಗಿದೆ. ಶಿವನಂಜಪ್ಪ ನನ್ನ ತಂದೆಯ ಹೆಸರು. ನಮ್ಮ ಸೀಮೆಯಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಹೆಚ್ಚಾಗಿ ಇಲ್ಲ, ಊರು ಮತ್ತು ತಂದೆಯ ಹೆಸರು ಮುಂದೆ ಬರುತ್ತವೆ.’

ಜತೆಗೆ ಧ್ವನಿ, ಎರಡು ವೇಗದಲ್ಲಿ.

ಬೆಳಗಾವಿ_ಕುಂದಾ

‘ಕೊನೆಯ a ಬಿಡಬೇಡಿ’ ಅನ್ನುವ ಸಾಲನ್ನು ಲಖನೌದವರಿಗೆ ದಪ್ಪ ಅಕ್ಷರದಲ್ಲಿ ಕಳಿಸಿ.

ಶಂಕರಘಟ್ಟ

ಮಲ್ಲಿಗೆಯ ಪೂಜೆ ಅಂತ ಒಂದು ಮಾತಾದರೂ ಇರಬೇಕಿತ್ತು.

ಗಣಕದ_ಗುಮಾಸ್ತ

ಮುಂದಿನ ಸಲ ವಿಮಾನದ ಟಿಕೆಟ್ ಮಾಡಿಸುವಾಗ ಪಾಸ್‌ಪೋರ್ಟಿನ ಮೇಲಿನ ಭಾಗದಲ್ಲಿ ಅಚ್ಚಾಗಿರುವ ಹಾಗೆ ಪೂರ್ತಿ ಟೈಪ್ ಮಾಡಿ. ಅಲ್ಲಿ ಜಾಗ ಸಾಲದೆ ತುಂಡಾದರೆ ಬುಕಿಂಗ್ ಮುಗಿಸುವ ಮೊದಲು ಏರ್‌ಲೈನ್‌ನವರನ್ನು ಕೇಳಿ. ನೀವಾಗಿ Mallikarj ಅಂತ ಹಾಕಬೇಡಿ.

ಮಿಲಾನೋ_ಮಂಡ್ಯ

ತಡವಾಗಿ ಬಂದೆ. ನನ್ನದು ‘ಪುಟ್ಟಸಿದ್ಧಯ್ಯ’, ಟೀಮು ಇಟಲಿಯವರದು. ಇದಕ್ಕೂ ಡಿ-ಎಸ್-ಸಿ-ಎಚ್ ಹಾಕಬೇಕಾ?

ಮತ್ತಿಮರ

ನಿಮ್ಮ ಹೆಸರಿನಲ್ಲಿ ಜ ಎಲ್ಲಿದೆ ಸ್ವಾಮಿ? ಇಟಲಿಯವರಿಗೆ ಒತ್ತಕ್ಷರ ಹೇಳಿಕೊಡುವುದೇ ಬೇಡ. ಅವರ ಭಾಷೆಯಲ್ಲೇ ನಮ್ಮ ಹಾಗೆ ವ್ಯಂಜನ ಹಿಡಿದು ಹೇಳುತ್ತಾರೆ. tt ಬರೆದರೆ ‘ತ್ತ’ ಅಂತಲಾದರೂ ಪೂರ್ತಿ ಒತ್ತಿ ಹೇಳುತ್ತಾರೆ, dd ಕೂಡ ಅಷ್ಟೇ. Puttasiddayya ಅಂತ ಬರೆಯಿರಿ, ddh ನಲ್ಲಿರುವ h ತೆಗೆದುಬಿಡಿ. ಅವರು h ಹೇಳುವುದಿಲ್ಲ, ಸುಮ್ನೆ ಗೊಂದಲ.

ಮಿಲಾನೋ_ಮಂಡ್ಯ

h ತೆಗೆದರೆ ನಮ್ಮಪ್ಪ ಒಪ್ಪಲ್ಲ.

ವಕೀಲರ_ಓಣಿ

ಅಕ್ಷರ ತೆಗೆಯುವುದಾದರೆ ಖಂಡಿತ ಗೆಜೆಟ್ ಬೇಕು.